ಕೀ ಸಿಗುವ ಮುಂಚಿನ ತಿಂಗಳುಗಳು: ಪ್ರೀ-ಇಎಂಐ ಮತ್ತು ಬಾಡಿಗೆಯ ಲೆಕ್ಕ

ಇನ್ನೂ ಕಟ್ಟುತ್ತಿರುವ ಅಪಾರ್ಟ್‌ಮೆಂಟಿನಲ್ಲಿ ಫ್ಲ್ಯಾಟ್ ಬುಕ್ ಮಾಡುವವರು ಸಾಮಾನ್ಯವಾಗಿ ಎರಡು ಅಂಕಿ ಮುಂದಿಟ್ಟುಕೊಂಡು ಬಜೆಟ್ ಹಾಕುತ್ತಾರೆ. ಒಂದು ಈಗ ಕೊಡುತ್ತಿರುವ ಬಾಡಿಗೆ, ಇನ್ನೊಂದು ಮುಂದೆ ಕಟ್ಟಬೇಕಾದ ಇಎಂಐ. ಮನೆಗೆ ಹೋದ ದಿನ ಬಾಡಿಗೆ ನಿಲ್ಲುತ್ತದೆ, ಇಎಂಐ ಶುರುವಾಗುತ್ತದೆ, ವ್ಯತ್ಯಾಸ ಇಷ್ಟು, ಹೇಗೋ ನಿಭಾಯಿಸಬಹುದು ಅನ್ನುವುದು ಲೆಕ್ಕ. ಆದರೆ ಆ ಎರಡರ ನಡುವೆ ಎರಡೂವರೆ, ಮೂರು ವರ್ಷ ಇದೆ. ಆ ಅವಧಿಯಲ್ಲಿ ಬಾಡಿಗೆಯೂ ಹೋಗುತ್ತದೆ, ಸಾಲದ ಬಡ್ಡಿಯೂ ಹೋಗುತ್ತದೆ. ಅದರಲ್ಲೂ ಬಡ್ಡಿ ಒಂದೇ ಸಮ ಇರುವುದಿಲ್ಲ, ಕಟ್ಟಡ ಮೇಲೇರಿದಂತೆ ಅದೂ ಏರುತ್ತದೆ. ಕೈ ಕಟ್ಟಿಹಾಕಿದ ಹಾಗಾಗುವುದು ಈ ಅವಧಿಯ ಕೊನೆಯಲ್ಲಿ. ಹೆಚ್ಚಿನವರಿಗೆ ಅದು ಗೊತ್ತಾಗುವುದೂ ಆಗಲೇ.

ಮೊದಲು ಈ ಬಡ್ಡಿ ಎಲ್ಲಿಂದ ಬರುತ್ತದೆ ನೋಡೋಣ. ಸಿದ್ಧ ಮನೆ ಕೊಂಡರೆ ಬ್ಯಾಂಕ್ ಪೂರ್ತಿ ಸಾಲವನ್ನು ಒಂದೇ ಸಲ ಕೊಡುತ್ತದೆ, ಮುಂದಿನ ತಿಂಗಳಿಂದ ಇಎಂಐ ಶುರು. ಕಟ್ಟುತ್ತಿರುವ ಮನೆಗೆ ಹಾಗೆ ಕೊಡುವಂತಿಲ್ಲ. ಕಟ್ಟಡದ ಕೆಲಸ ಎಷ್ಟು ಮುಂದುವರಿದಿದೆಯೋ ಅದಕ್ಕೆ ತಕ್ಕ ಹಾಗೆ ಮಾತ್ರ ಹಣ ಬಿಡುಗಡೆ ಮಾಡಬೇಕು ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಹಾಗಾಗಿ ತಳಪಾಯ ಮುಗಿದಾಗ ಒಂದಷ್ಟು, ಇಷ್ಟನೇ ಸ್ಲ್ಯಾಬ್ ಹಾಕಿದಾಗ ಇನ್ನಷ್ಟು, ಗೋಡೆ ಮತ್ತು ಪ್ಲಾಸ್ಟರಿಂಗ್ ಆದಾಗ ಮತ್ತಷ್ಟು, ಹೀಗೆ ಹಂತ ಹಂತವಾಗಿ ಸಾಲ ಬಿಲ್ಡರ್ ಖಾತೆಗೆ ಹೋಗುತ್ತದೆ. ಪೂರ್ತಿ ಸಾಲ ಹೋಗುವವರೆಗೆ ಬ್ಯಾಂಕ್ ನಿಮ್ಮಿಂದ ಅಸಲು ಕೇಳುವುದಿಲ್ಲ. ಅಲ್ಲಿಯವರೆಗೆ ಹೋದ ಹಣಕ್ಕೆ ಮಾತ್ರ ಪ್ರತಿ ತಿಂಗಳು ಬಡ್ಡಿ ವಸೂಲು ಮಾಡುತ್ತದೆ. ಅದೇ ಪ್ರೀ-ಇಎಂಐ. ಲೆಕ್ಕ ತೀರಾ ಸರಳ: ಬಿಡುಗಡೆಯಾದ ಮೊತ್ತವನ್ನು ಬಡ್ಡಿ ದರದಿಂದ ಗುಣಿಸಿ ಹನ್ನೆರಡರಿಂದ ಭಾಗಿಸಿದರಾಯಿತು. ಶೇಕಡಾ 8.5ರ ದರದಲ್ಲಿ ಪ್ರತಿ ಒಂದು ಲಕ್ಷಕ್ಕೆ ತಿಂಗಳಿಗೆ 708 ರೂಪಾಯಿ. ಈ ಒಂದು ಅಂಕಿ ನೆನಪಿಟ್ಟುಕೊಂಡರೆ ಮುಂದಿನ ಲೆಕ್ಕವನ್ನೆಲ್ಲ ಬಾಯಲ್ಲೇ ಹಾಕಬಹುದು.

ಈ ಬಡ್ಡಿ ಎಷ್ಟು ವರ್ಷ ಕಟ್ಟಿದರೂ ಅಸಲಿನಲ್ಲಿ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ಇಪ್ಪತ್ತು ವರ್ಷದ ಸಾಲ ಅಂದರೆ, ಪ್ರೀ-ಇಎಂಐ ಮುಗಿದ ಮೇಲೆ ಇಪ್ಪತ್ತು ವರ್ಷ.

ಈಗ ಒಂದು ಉದಾಹರಣೆ ಹಿಡಿದು ಪೂರ್ತಿ ಲೆಕ್ಕ ಹಾಕೋಣ. ಕನಕಪುರ ರಸ್ತೆಯ ಕಡೆ 80 ಲಕ್ಷದ ಒಂದು ಫ್ಲ್ಯಾಟ್. ಕೊಳ್ಳುವವರು ಗಂಡ ಹೆಂಡತಿ ಇಬ್ಬರೂ ದುಡಿಯುವವರು, ಬನಶಂಕರಿಯಲ್ಲಿ 25,000 ಬಾಡಿಗೆಗೆ ಇದ್ದಾರೆ. ವರ್ಷಕ್ಕೆ ಶೇಕಡಾ 5ರಂತೆ ಬಾಡಿಗೆ ಏರುತ್ತದೆ. ಕೈಯಿಂದ 20 ಲಕ್ಷ, ಸಾಲ 60 ಲಕ್ಷ. ದರ ಶೇಕಡಾ 8.5, ಅವಧಿ 20 ವರ್ಷ, ಇಎಂಐ 52,069. ಬ್ಯಾಂಕ್ ಯಾವಾಗಲೂ ನಿಮ್ಮ ಪಾಲಿನ ಹಣ ಮೊದಲು ಹೋಗಲಿ ಎನ್ನುತ್ತದೆ. ಹಾಗಾಗಿ ಬುಕ್ಕಿಂಗ್ ಮತ್ತು ಅಗ್ರಿಮೆಂಟ್ ಹೊತ್ತಿಗೆ ಇವರ 20 ಲಕ್ಷ ಬಿಲ್ಡರ್‌ಗೆ ಹೋಗಿಬಿಟ್ಟಿದೆ. ಒಂದು ಮಾತು: ಮನೆ ಕೊಳ್ಳುವವರ ರಕ್ಷಣೆಗಿರುವ ರೇರಾ ಕಾಯ್ದೆಯ 13ನೇ ಕಲಮಿನ ಪ್ರಕಾರ, ಅಗ್ರಿಮೆಂಟ್ ಬರೆದು ನೋಂದಣಿ ಮಾಡಿಸದೆ ಬಿಲ್ಡರ್ ಶೇಕಡಾ 10ಕ್ಕಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ.

ಆಮೇಲೆ ಸಾಲ ಹೀಗೆ ಬಿಡುಗಡೆಯಾಗುತ್ತದೆ ಎಂದುಕೊಳ್ಳಿ. ಪಕ್ಕದಲ್ಲಿ ಆ ಹಂತದ ತಿಂಗಳ ಪ್ರೀ-ಇಎಂಐ ಇದೆ.

1ನೇ ತಿಂಗಳು, ತಳಪಾಯ: 12 ಲಕ್ಷ. ಬಡ್ಡಿ 8,500.
5ನೇ ತಿಂಗಳು, ಮೂರನೇ ಸ್ಲ್ಯಾಬ್: ಒಟ್ಟು 20 ಲಕ್ಷ. ಬಡ್ಡಿ 14,167.
9ನೇ ತಿಂಗಳು, ಆರನೇ ಸ್ಲ್ಯಾಬ್: ಒಟ್ಟು 28 ಲಕ್ಷ. ಬಡ್ಡಿ 19,833.
13ನೇ ತಿಂಗಳು, ಒಂಬತ್ತನೇ ಸ್ಲ್ಯಾಬ್: ಒಟ್ಟು 36 ಲಕ್ಷ. ಬಡ್ಡಿ 25,500.
17ನೇ ತಿಂಗಳು, ಕೊನೆಯ ಸ್ಲ್ಯಾಬ್: ಒಟ್ಟು 44 ಲಕ್ಷ. ಬಡ್ಡಿ 31,167.
22ನೇ ತಿಂಗಳು, ಗೋಡೆ ಮತ್ತು ಪ್ಲಾಸ್ಟರಿಂಗ್: ಒಟ್ಟು 52 ಲಕ್ಷ. ಬಡ್ಡಿ 36,833.
27ನೇ ತಿಂಗಳು, ಫ್ಲೋರಿಂಗ್: ಒಟ್ಟು 56 ಲಕ್ಷ. ಬಡ್ಡಿ 39,667.
31ನೇ ತಿಂಗಳು, ಮನೆ ಹಸ್ತಾಂತರ: ಪೂರ್ತಿ 60 ಲಕ್ಷ. ಇನ್ನು ಇಎಂಐ.

ಮೂವತ್ತು ತಿಂಗಳಲ್ಲಿ ಹೋದ ಬಡ್ಡಿಯನ್ನು ಕೂಡಿಸಿದರೆ ಸುಮಾರು 7.7 ಲಕ್ಷ. ಇದನ್ನು ಮನೆಯ ಬೆಲೆಯ ಭಾಗ ಅಂತಲೇ ನೋಡಬೇಕು. 80 ಲಕ್ಷಕ್ಕೆ ಕಟ್ಟುತ್ತಿರುವ ಫ್ಲ್ಯಾಟ್, 90 ಲಕ್ಷಕ್ಕೆ ಪಕ್ಕದಲ್ಲೇ ಸಿದ್ಧ ಫ್ಲ್ಯಾಟ್ ಇದ್ದರೆ, ಮೊದಲನೆಯದು ಹತ್ತು ಲಕ್ಷ ಅಗ್ಗ ಅನ್ನುವ ಹಾಗಿಲ್ಲ. ಬಡ್ಡಿ 7.7 ಲಕ್ಷ, ಆ ಮೂವತ್ತು ತಿಂಗಳ ಬಾಡಿಗೆ 7.8 ಲಕ್ಷ, ಮೇಲೆ ಶೇಕಡಾ 5 ಜಿಎಸ್‌ಟಿ ಅಂದರೆ 4 ಲಕ್ಷ. ಒಸಿ, ಅಂದರೆ ಕಟ್ಟಡ ವಾಸಕ್ಕೆ ಸಿದ್ಧ ಎನ್ನುವ ಪ್ರಮಾಣಪತ್ರ, ಬಂದ ಮೇಲೆ ಮಾರುವ ಮನೆಗೆ ಜಿಎಸ್‌ಟಿ ಇಲ್ಲ. ಸಿದ್ಧ ಮನೆಗೆ ಸಾಲ ಸ್ವಲ್ಪ ಜಾಸ್ತಿ ಬೇಕಾಗುತ್ತದೆ, ಅದರ ಇಎಂಐಯೂ ಮೊದಲ ದಿನದಿಂದ ಶುರುವಾಗುತ್ತದೆ, ನಿಜ. ಆದರೂ ಹೋಲಿಸುವಾಗ ಈ ಮೂರನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಹೋಲಿಸಬೇಕು.

ಈಗ ಬಾಡಿಗೆ ಸೇರಿಸಿ. ಮೊದಲ ತಿಂಗಳು ಬಾಡಿಗೆ 25,000, ಬಡ್ಡಿ 8,500, ಒಟ್ಟು 33,500. "ಅಷ್ಟೇನಾ" ಅನ್ನಿಸುತ್ತದೆ. ಒಂದು ವರ್ಷ ಕಳೆದ ಮೇಲೆ, 13ನೇ ತಿಂಗಳಲ್ಲಿ, ಬಾಡಿಗೆ 26,250, ಬಡ್ಡಿ 25,500, ಒಟ್ಟು 51,750. ಇಷ್ಟು ಹೊತ್ತಿಗೇ ಮುಂದಿನ ಇಎಂಐಯಷ್ಟು ಹಣ ಪ್ರತಿ ತಿಂಗಳು ಹೊರಗೆ ಹೋಗುತ್ತಿದೆ. 22ನೇ ತಿಂಗಳಲ್ಲಿ 63,083. 27ನೇ ತಿಂಗಳಲ್ಲಿ ಬಾಡಿಗೆ 27,563, ಬಡ್ಡಿ 39,667, ಒಟ್ಟು 67,230. ಮನೆಗೆ ಹೋದ ಮೇಲೆ? ಇಎಂಐ 52,069, ಮೆಂಟೇನೆನ್ಸ್ ನಾಲ್ಕು ಸಾವಿರ ಅಂದುಕೊಂಡರೂ 56,000 ಚಿಲ್ಲರೆ. ಅಂದರೆ ಇಎಂಐ ಶುರುವಾದಾಗ ಭಾರ ಇಳಿಯುತ್ತದೆ. ಏರುವುದೆಲ್ಲ ಅದಕ್ಕೂ ಮುಂಚೆ.

ಸಾಲ ಮಂಜೂರು ಮಾಡುವಾಗ ಬ್ಯಾಂಕ್ ಈ 67,000ವನ್ನು ನೋಡುವುದಿಲ್ಲ. ಅದು ನೋಡುವುದು ಇಎಂಐ, ಮತ್ತು ನಿಮಗಿರುವ ಬೇರೆ ಸಾಲದ ಕಂತುಗಳು. ಅದು ಸಂಬಳದ ಅರ್ಧದೊಳಗೆ ಇದ್ದರೆ ಸಾಮಾನ್ಯವಾಗಿ ಸಾಲ ಸಿಗುತ್ತದೆ. ಬಾಡಿಗೆ ಅದರ ಲೆಕ್ಕದಲ್ಲಿ ಇಲ್ಲ. ತಿಂಗಳಿಗೆ 1,05,000 ಕೈಗೆ ಬರುವ ಮನೆಗೆ 52,069ರ ಇಎಂಐ ಸರಿಹೋಗುತ್ತದೆ ಎಂದು ಬ್ಯಾಂಕ್ ಹೇಳಬಹುದು. ಆದರೆ 27ನೇ ತಿಂಗಳಲ್ಲಿ ಆ ಮನೆಯಲ್ಲಿ ಉಳಿಯುವುದು 38,000. ಅದರಲ್ಲಿ ರೇಷನ್ನು, ಮಕ್ಕಳ ಸ್ಕೂಲ್ ಫೀಸು, ಊರಿಗೆ ಕಳಿಸುವ ದುಡ್ಡು, ಪೆಟ್ರೋಲು ಎಲ್ಲ ಆಗಬೇಕು. "ಬ್ಯಾಂಕೇ ಕೊಟ್ಟಿದೆ ಅಂದಮೇಲೆ ನಮ್ಮ ಕೈಲಿ ಆಗುತ್ತೆ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಬ್ಯಾಂಕ್ ಹಾಕಿದ್ದು ಅದರ ಹಣ ವಾಪಸ್ ಬರುತ್ತದೋ ಇಲ್ಲವೋ ಎನ್ನುವ ಲೆಕ್ಕ. ನಿಮ್ಮ ಮನೆ ನಡೆಯುತ್ತದೋ ಅನ್ನುವ ಲೆಕ್ಕ ನೀವೇ ಹಾಕಬೇಕು.

ಇದರ ಜೊತೆ ಕಣ್ಣು ತಪ್ಪಿಸಿಕೊಳ್ಳುವ ಇನ್ನೊಂದು ಖರ್ಚಿದೆ. ಬಿಲ್ಡರ್ ಕಳಿಸುವ ಪ್ರತಿ ಡಿಮ್ಯಾಂಡ್ ಲೆಟರಿನಲ್ಲೂ ಆ ಹಂತದ ಹಣದ ಮೇಲೆ ಶೇಕಡಾ 5 ಜಿಎಸ್‌ಟಿ ಇರುತ್ತದೆ. ನಮ್ಮ ಉದಾಹರಣೆಯಲ್ಲಿ ಸಾಲ ಫ್ಲ್ಯಾಟಿನ ಬೆಲೆಗೆ ಮಾತ್ರ ಸರಿಹೋಗಿದೆ. ಹಾಗಾಗಿ 8 ಲಕ್ಷದ ಪ್ರತಿ ಕಂತಿನ ಹೊತ್ತಿಗೆ 40,000 ಕೈಯಿಂದ ಹೊಂದಿಸಬೇಕು. ಸಾಲದ ಹಂತಗಳಲ್ಲೇ ಒಟ್ಟು 3 ಲಕ್ಷ. ನಾಲ್ಕು ತಿಂಗಳಿಗೊಮ್ಮೆ ಬರುವ ಈ ನಲವತ್ತು ಸಾವಿರಕ್ಕೆ ಕ್ರೆಡಿಟ್ ಕಾರ್ಡ್ ಉಜ್ಜುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಅದಕ್ಕೆ ಮೊದಲೇ ಜಾಗ ಮಾಡಿಡಬಹುದು.

ಹೇಗೆ ಅಂದರೆ, ಮೊದಲ ತಿಂಗಳಿಂದಲೇ ಕೊನೆಯ ತಿಂಗಳಿನಷ್ಟು ತೆಗೆದಿಡಿ. ನಮ್ಮ ಉದಾಹರಣೆಯ ಗಂಡ ಹೆಂಡತಿ ತಿಂಗಳಿಗೆ 67,000ವನ್ನು ಒಂದು ಬೇರೆ ಉಳಿತಾಯ ಖಾತೆಗೆ ಹಾಕುತ್ತಾರೆ ಎಂದುಕೊಳ್ಳಿ. ಬಾಡಿಗೆ ಅಲ್ಲಿಂದಲೇ, ಪ್ರೀ-ಇಎಂಐ ಅಲ್ಲಿಂದಲೇ, ಜಿಎಸ್‌ಟಿಯೂ ಅಲ್ಲಿಂದಲೇ. ಮೊದಲ ತಿಂಗಳು 33,500 ಉಳಿಯುತ್ತದೆ, ವರ್ಷ ಕಳೆದ ಮೇಲೆ ಉಳಿಯುವುದು ಕಡಿಮೆಯಾಗುತ್ತದೆ, ಕೊನೆಗೆ ಏನೂ ಉಳಿಯುವುದಿಲ್ಲ. ಮೂವತ್ತು ತಿಂಗಳಲ್ಲಿ ಒಟ್ಟು 20.1 ಲಕ್ಷ ಹಾಕಿ, ಬಾಡಿಗೆ ಮತ್ತು ಬಡ್ಡಿಗೆ 15.5 ಲಕ್ಷ ಹೋಗಿ, 4.6 ಲಕ್ಷ ಉಳಿಯುತ್ತದೆ. ಜಿಎಸ್‌ಟಿಗೆ 3 ಲಕ್ಷ ತೆಗೆದರೂ ಸುಮಾರು 1.6 ಲಕ್ಷ ಕೈಯಲ್ಲಿ. ಅದಕ್ಕಿಂತ ಮುಖ್ಯವಾಗಿ, ಆ ಮನೆಗೆ 67,000 ಇಲ್ಲದೆ ಬದುಕುವುದು ಮೊದಲ ತಿಂಗಳಿಂದಲೇ ಅಭ್ಯಾಸವಾಗಿರುತ್ತದೆ. ಬುಕ್ಕಿಂಗ್ ಮಾಡುವ ಮುಂಚೆ ಎರಡು ಮೂರು ತಿಂಗಳು ಹೀಗೆ ತೆಗೆದಿಟ್ಟು ನೋಡಿ. ಆಗಲಿಲ್ಲ ಅಂದರೆ ಫ್ಲ್ಯಾಟ್ ಚಿಕ್ಕದಾಗಬೇಕು, ಇಲ್ಲ ಕೈಯಿಂದ ಹಾಕುವ ಹಣ ಜಾಸ್ತಿಯಾಗಬೇಕು, ಇಲ್ಲ ಈಗಿನ ಬಾಡಿಗೆ ಮನೆಗಿಂತ ಕಡಿಮೆಯ ಮನೆಗೆ ಹೋಗಬೇಕು. ಇದು ಅಡ್ವಾನ್ಸ್ ಕೊಡುವ ಮುಂಚೆಯೇ ಗೊತ್ತಾದರೆ ಒಳ್ಳೆಯದು.

ಇಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. "ಸುಮ್ನೆ ಬಡ್ಡಿ ಕಟ್ಟುವ ಬದಲು ಮೊದಲ ತಿಂಗಳಿಂದಲೇ ಪೂರ್ತಿ ಇಎಂಐ ಕಟ್ಟಿದರೆ ಆಗಲ್ವಾ?" ಎಷ್ಟೋ ಬ್ಯಾಂಕುಗಳಲ್ಲಿ ಆಗುತ್ತದೆ. 52,069ನ್ನು ಮೊದಲ ತಿಂಗಳಿಂದಲೇ ಕಟ್ಟುತ್ತೀರಿ. 12 ಲಕ್ಷದ ಬಡ್ಡಿ 8,500 ಹೋಗಿ ಉಳಿದ 43,569 ನೇರವಾಗಿ ಅಸಲಿಗೆ ಹೋಗುತ್ತದೆ. ನಮ್ಮ ಉದಾಹರಣೆಯನ್ನು ತಿಂಗಳು ತಿಂಗಳಿಗೂ ಹಾಗೆ ಲೆಕ್ಕ ಹಾಕಿದರೆ, ಮನೆ ಸಿಗುವ ಹೊತ್ತಿಗೆ ಉಳಿಯುವ ಸಾಲ 60 ಲಕ್ಷವಲ್ಲ, 51 ಲಕ್ಷ. ಆಮೇಲೆ ಅದೇ ಇಎಂಐ ಮುಂದುವರಿಸಿದರೆ 20 ವರ್ಷದ ಬದಲು 14 ವರ್ಷದಲ್ಲಿ ಸಾಲ ತೀರುತ್ತದೆ.

ಇದನ್ನು ತೋರಿಸಿ "ಪ್ರೀ-ಇಎಂಐ ಅಂದರೆ ಪೂರ್ತಿ ನಷ್ಟ" ಎಂದು ಹೇಳುವವರು ತುಂಬಾ ಜನ. ಲೆಕ್ಕದ ಇನ್ನೊಂದು ಬದಿಯನ್ನೂ ನೋಡಬೇಕು. ಪೂರ್ತಿ ಇಎಂಐ ಕಟ್ಟಿದವರು ಮೂವತ್ತು ತಿಂಗಳಲ್ಲಿ 15.6 ಲಕ್ಷ ಕೊಟ್ಟಿದ್ದಾರೆ. ಪ್ರೀ-ಇಎಂಐ ಕಟ್ಟಿದವರು ಕೊಟ್ಟಿದ್ದು 7.7 ಲಕ್ಷ. ಮೊದಲನೆಯವರು 7.9 ಲಕ್ಷ ಜಾಸ್ತಿ ಕೊಟ್ಟು 9 ಲಕ್ಷ ಅಸಲು ಇಳಿಸಿಕೊಂಡರು. ನಿಜವಾದ ಲಾಭ ಸುಮಾರು 1.1 ಲಕ್ಷ. ಉಳಿದದ್ದೆಲ್ಲ ಅವರದೇ ಹಣ.

ಇನ್ನೊಂದು ರೀತಿಯಲ್ಲಿ ನೋಡಿ. ಪ್ರೀ-ಇಎಂಐಯನ್ನೇ ಆರಿಸಿಕೊಂಡು, ಆ ವ್ಯತ್ಯಾಸದ 7.9 ಲಕ್ಷವನ್ನು ತಿಂಗಳು ತಿಂಗಳೂ ತಮ್ಮ ಖಾತೆಯಲ್ಲೇ ಕೂಡಿಟ್ಟು, ಮನೆ ಸಿಕ್ಕ ದಿನ ಒಟ್ಟಿಗೆ ಸಾಲಕ್ಕೆ ಕಟ್ಟಿದರೆ? ಆ ಹಣಕ್ಕೆ ಒಂದು ಪೈಸೆ ಬಡ್ಡಿ ಬರಲಿಲ್ಲ ಅಂದುಕೊಂಡರೂ ಸಾಲ ಉಳಿಯುವುದು 52.1 ಲಕ್ಷ. 168 ತಿಂಗಳ ಬದಲು 175 ತಿಂಗಳಲ್ಲಿ ತೀರುತ್ತದೆ. ಏಳು ತಿಂಗಳ ವ್ಯತ್ಯಾಸ. ಎಫ್‌ಡಿಯಲ್ಲೋ ಆರ್‌ಡಿಯಲ್ಲೋ ಇಟ್ಟಿದ್ದರೆ ಅದೂ ಕಡಿಮೆಯಾಗುತ್ತದೆ. ಆ ಏಳು ತಿಂಗಳಿಗೆ ಬದಲಾಗಿ ಮೂವತ್ತು ತಿಂಗಳೂ ಆ ಹಣ ನಿಮ್ಮ ಕೈಯಲ್ಲಿದೆ. ಕೆಲಸ ಹೋದರೆ, ಆಸ್ಪತ್ರೆ ಖರ್ಚು ಬಂದರೆ, ಬಿಲ್ಡರ್ ತಡ ಮಾಡಿದರೆ ತೆಗೆಯಬಹುದು. ಸಾಲಕ್ಕೆ ಹೋದ ಹಣವನ್ನು ವಾಪಸ್ ಕೇಳಲು ಆಗುವುದಿಲ್ಲ. ಕಟ್ಟಡ ಇನ್ನೂ ಎದ್ದು ನಿಲ್ಲದಿರುವಾಗ ಈ ಸ್ವಾತಂತ್ರ್ಯಕ್ಕೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ. ಬಾಡಿಗೆ ಮತ್ತು ಇಎಂಐ ಎರಡೂ ಸೇರಿ 77,000 ಆರಾಮಾಗಿ ಕೊಡಬಲ್ಲವರು, ಜೊತೆಗೆ ಆರು ತಿಂಗಳ ಖರ್ಚು ಬೇರೆ ಇಟ್ಟಿರುವವರು ಪೂರ್ತಿ ಇಎಂಐ ಕಟ್ಟಲಿ. ಖಾತೆಯಲ್ಲಿ ಹಣ ಕಂಡರೆ ಖರ್ಚಾಗಿಬಿಡುತ್ತದೆ ಅನ್ನುವವರೂ ಅದನ್ನೇ ಮಾಡಲಿ. ಉಳಿದವರಿಗೆ ಪ್ರೀ-ಇಎಂಐ ಮತ್ತು ಪಕ್ಕದಲ್ಲೊಂದು ಗಂಟು, ಇದೇ ಸರಿ. ಬದಲಾಗುವ ದರದ ಮನೆ ಸಾಲವನ್ನು ಮುಂಚಿತವಾಗಿ ಕಟ್ಟಿದರೆ ದಂಡ ಹಾಕುವಂತಿಲ್ಲ, ಹಾಗಾಗಿ ಕೊನೆಯಲ್ಲಿ ಕಟ್ಟಿದರೂ ಆ ಕಡೆಯಿಂದ ನಷ್ಟವಿಲ್ಲ.

ಬದಲಾಗುವ ದರ ಅಂದಾಗ ಇನ್ನೊಂದು ಮಾತು. ಇಎಂಐ ನಡೆಯುತ್ತಿರುವಾಗ ದರ ಏರಿದರೆ ಬ್ಯಾಂಕ್ ಇಎಂಐ ಹಾಗೇ ಇಟ್ಟು ಅವಧಿ ಉದ್ದ ಮಾಡಬಹುದು, ತಿಂಗಳ ಬಜೆಟ್ ಅಲುಗಾಡುವುದಿಲ್ಲ. ಪ್ರೀ-ಇಎಂಐಯಲ್ಲಿ ಉದ್ದ ಮಾಡಲು ಏನೂ ಇಲ್ಲ. ಏರಿದ್ದು ಪೂರ್ತಿ ಆ ತಿಂಗಳ ಕಂತಿಗೇ ಸೇರುತ್ತದೆ. 56 ಲಕ್ಷ ಬಿಡುಗಡೆಯಾದ ಹಂತದಲ್ಲಿ ದರ ಅರ್ಧ ಶೇಕಡಾ ಏರಿದರೆ ತಿಂಗಳಿಗೆ 2,333 ಜಾಸ್ತಿ.

ಈಗ ಡಿಮ್ಯಾಂಡ್ ಲೆಟರಿಗೆ ಬರೋಣ. ಬಿಲ್ಡರ್ "ಆರನೇ ಸ್ಲ್ಯಾಬ್ ಹಂತ ತಲುಪಿದ್ದೇವೆ, 8 ಲಕ್ಷ ಮತ್ತು ಜಿಎಸ್‌ಟಿ ಕಟ್ಟಿ" ಎಂದು ಪತ್ರ ಕಳಿಸುತ್ತಾನೆ. ಅದರ ಜೊತೆ ಆರ್ಕಿಟೆಕ್ಟ್ ಸರ್ಟಿಫಿಕೇಟ್ ಇರುತ್ತದೆ. ನೀವು ಬ್ಯಾಂಕಿಗೆ ಬಿಡುಗಡೆ ಪತ್ರ ಕೊಡುತ್ತೀರಿ, ಬ್ಯಾಂಕ್ ತನ್ನ ಎಂಜಿನಿಯರ್ ಕಳಿಸಿ ನೋಡಿಸಿ ಹಣ ಬಿಡುತ್ತದೆ. ಈ ಪತ್ರಕ್ಕೆ ಸಹಿ ಹಾಕುವ ಮುಂಚೆ ಅಗ್ರಿಮೆಂಟಿನ ಹಣ ಪಾವತಿ ಪಟ್ಟಿ ತೆಗೆದು ಒಂದು ಶಬ್ದ ನೋಡಿ. ಆರನೇ ಸ್ಲ್ಯಾಬ್ "ಶುರುವಾದಾಗ" ಅಂತ ಇದೆಯೋ, "ಮುಗಿದಾಗ" ಅಂತ ಇದೆಯೋ? ಮುಗಿದಾಗ ಅಂತ ಇದ್ದು, ಸೈಟಿನಲ್ಲಿ ಇನ್ನೂ ಸೆಂಟ್ರಿಂಗ್ ಹೊಡೆಯುತ್ತಿದ್ದರೆ, ಕಾಂಕ್ರೀಟ್ ಬಿದ್ದಿಲ್ಲದಿದ್ದರೆ, ಆ ಹಣ ಇನ್ನೂ ಕೊಡಬೇಕಾಗಿಲ್ಲ. 8 ಲಕ್ಷ ಮೂರು ತಿಂಗಳು ಮುಂಚೆ ಹೋದರೆ ನಿಮಗೆ ಬೀಳುವ ಬಡ್ಡಿ 17,000. ಭಾನುವಾರ ಒಂದು ಸಲ ಸೈಟಿಗೆ ಹೋಗಿ ಕೆಳಗಿಂದ ಸ್ಲ್ಯಾಬ್ ಎಣಿಸಿ, ಫೋಟೋ ತೆಗೆದುಕೊಳ್ಳಿ. ಬೇಸ್‌ಮೆಂಟ್ ಸ್ಲ್ಯಾಬುಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೋ ಇಲ್ಲವೋ ಅಂತ ಕೇಳಿ, ಗೊಂದಲ ಅಲ್ಲೇ ಆಗುವುದು. rera.karnataka.gov.in ತಾಣದಲ್ಲಿ ಬಿಲ್ಡರ್ ಮೂರು ತಿಂಗಳಿಗೊಮ್ಮೆ ಹಾಕಬೇಕಾದ ಪ್ರಗತಿ ವರದಿ ಇರುತ್ತದೆ, ಅದನ್ನೂ ಹೋಲಿಸಿ. ಆದರೆ ಹಂತ ನಿಜವಾಗಿ ಆಗಿದ್ದರೆ ತಡ ಮಾಡಬೇಡಿ. ತಡವಾದ ಹಣಕ್ಕೆ ನೀವೂ ಬಡ್ಡಿ ಕೊಡಬೇಕು ಎಂದು ಅದೇ ರೇರಾ ಕಾಯ್ದೆ ಹೇಳುತ್ತದೆ.

ಬ್ಯಾಂಕಿನ ಮೊದಲ ಬಡ್ಡಿಯ ಚೀಟಿಯನ್ನೂ ಒಮ್ಮೆ ಲೆಕ್ಕ ಹಾಕಿ. ಜೂನ್ 18ರಂದು 12 ಲಕ್ಷ ಬಿಡುಗಡೆಯಾಗಿದ್ದರೆ ಜೂನ್ ತಿಂಗಳ ಬಡ್ಡಿ 13 ದಿನದ್ದು ಮಾತ್ರ. ದಿನಕ್ಕೆ 279ರಂತೆ ಸುಮಾರು 3,633. 8,500 ಕಡಿತವಾಗಿದ್ದರೆ ಕೇಳಿ. ಮಂಜೂರಾದ ದಿನದಿಂದ, ಅಥವಾ ಚೆಕ್ ಬರೆದಿಟ್ಟು ಎಷ್ಟೋ ದಿನ ಆದ ಮೇಲೆ ಕೊಟ್ಟರೂ ಚೆಕ್ಕಿನ ತಾರೀಕಿನಿಂದ, ಅಥವಾ ಪೂರ್ತಿ ತಿಂಗಳಿಗೆ ಬಡ್ಡಿ ಹಾಕುವುದು ಸರಿಯಲ್ಲ ಎಂದು ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್ 29ರ ಸುತ್ತೋಲೆಯಲ್ಲಿ ಸ್ಪಷ್ಟವಾಗಿ ಹೇಳಿದೆ. ಹಾಗೆ ಜಾಸ್ತಿ ತೆಗೆದುಕೊಂಡಿದ್ದರೆ ವಾಪಸ್ ಕೊಡಬೇಕು ಅಂತಲೂ ಹೇಳಿದೆ. ಪ್ರತಿ ಹಂತದ ಬಿಡುಗಡೆಯಾದಾಗಲೂ ಇದನ್ನು ನೋಡಬೇಕು, ಮೊದಲ ಸಲ ಮಾತ್ರವಲ್ಲ.

ಇನ್ನು ತಡದ ವಿಷಯ. ಇದೇ ಎಲ್ಲಕ್ಕಿಂತ ನೋವಿನದು. ಕೆಲಸ ನಿಧಾನವಾಗುವುದು ಸಾಮಾನ್ಯವಾಗಿ ಶುರುವಿನಲ್ಲಿ ಅಲ್ಲ, ಸ್ಲ್ಯಾಬುಗಳೆಲ್ಲ ಬಿದ್ದು ಬಹುಪಾಲು ಹಣ ಬಿಲ್ಡರ್ ಕೈಸೇರಿದ ಮೇಲೆ. ನಮ್ಮ ಉದಾಹರಣೆಯಲ್ಲಿ 56 ಲಕ್ಷ ಹೋದ ಮೇಲೆ ಒಂದು ವರ್ಷ ತಡವಾಯಿತು ಅಂದುಕೊಳ್ಳಿ. ಬಡ್ಡಿ 4.76 ಲಕ್ಷ, ಬಾಡಿಗೆ ಸುಮಾರು 3.39 ಲಕ್ಷ, ಒಟ್ಟು 8.15 ಲಕ್ಷ. ಬಿಲ್ಡರ್ ತಡ ಮಾಡಿದ ಎಂದು ಪ್ರೀ-ಇಎಂಐ ನಿಲ್ಲಿಸುವ ಹಾಗಿಲ್ಲ. ಸಾಲ ನಿಮ್ಮ ಮತ್ತು ಬ್ಯಾಂಕಿನ ನಡುವಿನದು, ನಿಲ್ಲಿಸಿದರೆ ಸಿಬಿಲ್ ಸ್ಕೋರ್ ಕೆಡುವುದು ನಿಮ್ಮದು.

ರೇರಾ 18ನೇ ಕಲಮಿನ ಪ್ರಕಾರ, ಮನೆ ಬೇಡ ಅನ್ನದೆ ಕಾಯುವವರಿಗೆ ತಡವಾದ ಪ್ರತಿ ತಿಂಗಳಿಗೂ ಬಿಲ್ಡರ್ ಬಡ್ಡಿ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಆ ದರ ಸ್ಟೇಟ್ ಬ್ಯಾಂಕಿನ ಅತಿ ಹೆಚ್ಚಿನ ಎಂಸಿಎಲ್‌ಆರ್, ಅಂದರೆ ಸಾಲದ ಮೂಲ ದರದ ಮೇಲೆ ಶೇಕಡಾ 2. ಲೆಕ್ಕಕ್ಕೆ ಶೇಕಡಾ 10 ಎಂದಿಟ್ಟುಕೊಂಡರೂ, ನೀವು ಕೊಟ್ಟ 76 ಲಕ್ಷಕ್ಕೆ ವರ್ಷಕ್ಕೆ 7.6 ಲಕ್ಷ. ಕಾಗದದ ಮೇಲೆ ನಷ್ಟ ಹೆಚ್ಚು ಕಡಿಮೆ ತುಂಬುತ್ತದೆ. ಕೈಗೆ ಬರುವುದು ಬೇರೆ ಮಾತು. ದೂರು, ವಿಚಾರಣೆ, ಆದೇಶ, ಆಮೇಲೂ ಬಿಲ್ಡರ್ ಕೊಡದಿದ್ದರೆ ಭೂಕಂದಾಯ ಬಾಕಿಯ ಹಾಗೆ ವಸೂಲಿಗೆ ಕಂದಾಯ ಇಲಾಖೆಗೆ ಹೋಗಬೇಕು. ದೂರು ಖಂಡಿತ ಕೊಡಿ, ಅದು ನಿಮ್ಮ ಹಕ್ಕು. ಆದರೆ ಆ ಹಣವನ್ನು ತಿಂಗಳ ಬಜೆಟ್ಟಿನಲ್ಲಿ ಸೇರಿಸಬೇಡಿ. ಬಜೆಟ್ ಹಾಕುವಾಗ ಅಗ್ರಿಮೆಂಟಿನ ತಾರೀಕಿನ ಮೇಲೆ ಒಂದು ವರ್ಷ ಸೇರಿಸಿಯೇ ಹಾಕಿ. ಮೊದಲಿಂದ 67,000 ತೆಗೆದಿಡುತ್ತಿರುವ ಮನೆಗೆ ಆ ಒಂದು ವರ್ಷವೂ ಹಿಂದಿನ ತಿಂಗಳಿನ ಹಾಗೇ ಕಳೆಯುತ್ತದೆ, ಕಷ್ಟವಾದರೂ ಸಾಲ ಮಾಡಬೇಕಾಗುವುದಿಲ್ಲ.

"ಕೀ ಕೊಡುವವರೆಗೆ ಪ್ರೀ-ಇಎಂಐ ನಾವೇ ಕಟ್ಟುತ್ತೇವೆ" ಎಂದು ಹೇಳುವ ಬಿಲ್ಡರ್‌ಗಳೂ ಇದ್ದಾರೆ. ಕೇಳಲು ಚೆನ್ನಾಗಿರುತ್ತದೆ. ಆದರೆ ಸಾಲ ಇರುವುದು ನಿಮ್ಮ ಹೆಸರಿನಲ್ಲಿ. ಬಿಲ್ಡರ್ ಕಟ್ಟುವುದು ನಿಲ್ಲಿಸಿದ ತಿಂಗಳು ಬ್ಯಾಂಕ್ ಫೋನ್ ಮಾಡುವುದು ನಿಮಗೆ. ದೆಹಲಿ ಸುತ್ತಮುತ್ತ ಎಷ್ಟೋ ಸಾವಿರ ಕುಟುಂಬಗಳು ಹೀಗೆಯೇ ಸಿಕ್ಕಿಹಾಕಿಕೊಂಡು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ಹೌಸಿಂಗ್ ಫೈನಾನ್ಸ್ ಕಂಪನಿಗಳು ಇಂಥ ಸಾಲದಿಂದ ದೂರ ಇರಬೇಕು ಎಂದು ನ್ಯಾಷನಲ್ ಹೌಸಿಂಗ್ ಬ್ಯಾಂಕ್ 2019ರಲ್ಲಿ ಹೇಳಿತು. ಅಂಥ ಆಫರ್ ಬಂದರೆ ಬೇಡ ಅನ್ನಿ, ಬದಲಿಗೆ ಬೆಲೆ ಇಳಿಸಿ ಅಂತ ಕೇಳಿ.

ತೆರಿಗೆಯಲ್ಲಿ ಈ ಬಡ್ಡಿ ವಾಪಸ್ ಸಿಗುತ್ತದೆ ಎಂಬ ಮಾತೂ ಇದೆ. ಹಳೆ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ ಇದು ಅನ್ವಯ. ಮನೆ ಮುಗಿದ ಆರ್ಥಿಕ ವರ್ಷಕ್ಕೆ ಮುಂಚಿನ ಮಾರ್ಚ್ 31ರವರೆಗೆ ಕಟ್ಟಿದ ಬಡ್ಡಿಯನ್ನು ಐದು ಸಮ ಭಾಗ ಮಾಡಿ, ಮುಗಿದ ವರ್ಷದಿಂದ ಐದು ವರ್ಷ ಕಳೆಯಬಹುದು. ಆದರೆ ಸ್ವಂತ ವಾಸದ ಮನೆಗೆ ಆ ವರ್ಷದ ಬಡ್ಡಿಯೂ ಇದೂ ಸೇರಿ ಒಬ್ಬರಿಗೆ ವರ್ಷಕ್ಕೆ 2 ಲಕ್ಷ ಮಿತಿ. 60 ಲಕ್ಷದ ಸಾಲದ ಮೊದಲ ವರ್ಷದ ಬಡ್ಡಿಯೇ 5 ಲಕ್ಷ ಮುಟ್ಟುತ್ತದೆ. ಗಂಡ ಹೆಂಡತಿ ಇಬ್ಬರೂ ಸಾಲದಲ್ಲಿ ಪಾಲುದಾರರಾಗಿ ತಲಾ 2 ಲಕ್ಷ ಕಳೆದರೂ ಮಿತಿ ಮೊದಲೇ ತುಂಬಿರುತ್ತದೆ. ಅಂದರೆ ಇಷ್ಟು ದೊಡ್ಡ ಸಾಲಕ್ಕೆ ಪ್ರೀ-ಇಎಂಐಯಿಂದ ತೆರಿಗೆ ಉಳಿಯುವುದು ಏನೂ ಇಲ್ಲ. 20 ಲಕ್ಷದ ಸಾಲಕ್ಕಾದರೆ ಸ್ವಲ್ಪ ಉಪಯೋಗವಾಗಬಹುದು. ಹಳೆ ಪದ್ಧತಿಯವರಿಗೆ ಈ ಅವಧಿಯಲ್ಲಿ ನಿಜವಾಗಿ ಕೈಗೆ ಬರುವುದು ಬಾಡಿಗೆಯ ಮೇಲಿನ ಎಚ್‌ಆರ್‌ಎ. ಅದಕ್ಕೆ ಬಾಡಿಗೆ ರಸೀದಿ, ಓನರ್ ಪ್ಯಾನ್ ಜೋಪಾನವಾಗಿಡಿ.

ಕೊನೆಯ ಕಂತಿನ ಹತ್ತಿರ ಬಂದಾಗ ಅವಸರ ಮಾಡಬೇಡಿ. "ಮನೆ ಸಿದ್ಧವಾಗಿದೆ, ಉಳಿದ 4 ಲಕ್ಷ ಕಟ್ಟಿ" ಎಂದು ಪತ್ರ ಬಂದಾಗ ಮೊದಲು ಕೇಳಬೇಕಾದ್ದು ಒಸಿ ಬಂದಿದೆಯಾ ಅಂತ. ಪಾಲಿಕೆಯಿಂದಲೋ ಬಿಡಿಎಯಿಂದಲೋ ಒಸಿ ಬರುವ ಮುಂಚೆ ಕೊನೆಯ ಕಂತು ಬಿಡುಗಡೆಯಾದರೆ ಸಾಲ ಪೂರ್ತಿಯಾಯಿತು, ಮುಂದಿನ ತಿಂಗಳಿಂದ ಪೂರ್ತಿ ಇಎಂಐ ಶುರು. ನೀವಿನ್ನೂ ಬಾಡಿಗೆ ಮನೆಯಲ್ಲೇ. ಆಗ ತಿಂಗಳಿಗೆ 79,632.

ಎಲ್ಲ ಸರಿಯಾಗಿ ನಡೆದರೂ ಒಂದೆರಡು ತಿಂಗಳು ಇದೇ ಮೊತ್ತ ಕಟ್ಟಬೇಕಾಗುತ್ತದೆ. ಕೀ ಸಿಕ್ಕ ದಿನವೇ ಯಾರೂ ಹೋಗಿ ಇರುವುದಿಲ್ಲ. ಕಿಚನ್ ಕಪಾಟು, ವಾರ್ಡ್‌ರೋಬ್, ಲೈಟು ಫ್ಯಾನು, ಕಿಟಕಿಗೆ ಮೆಶ್, ಗೃಹಪ್ರವೇಶಕ್ಕೆ ಒಳ್ಳೆಯ ದಿನ. ಆಷಾಢ ಅಡ್ಡ ಬಂದರೆ ಇನ್ನೊಂದು ತಿಂಗಳು. ಅದೇ ಹೊತ್ತಿಗೆ ಬಿಲ್ಡರ್‌ಗೆ ಒಂದೆರಡು ವರ್ಷದ ಮೆಂಟೇನೆನ್ಸ್ ಮುಂಗಡ ಕೊಡಬೇಕು, ಸೇಲ್ ಡೀಡ್ ನೋಂದಣಿ ಖರ್ಚೂ ಬರುತ್ತದೆ. ಖಾತೆಯಲ್ಲಿ ಉಳಿದಿದ್ದ ಆ 1.6 ಲಕ್ಷ ಈ ಎರಡು ತಿಂಗಳ ಜಾಸ್ತಿ ಕಂತಿಗೆ ಮತ್ತು ಮೆಂಟೇನೆನ್ಸಿಗೆ ಹೆಚ್ಚು ಕಡಿಮೆ ಸರಿಹೋಗುತ್ತದೆ. ನೋಂದಣಿ ಮತ್ತು ಇಂಟೀರಿಯರ್ ಕೆಲಸಕ್ಕೆ ಆಗುವುದಿಲ್ಲ. ಆ ಎರಡಕ್ಕೆ ಬುಕ್ಕಿಂಗ್ ದಿನವೇ ಬೇರೆ ಹಣ ಎತ್ತಿಡಬೇಕು.

ಬಾಡಿಗೆ ಮನೆಯ ಅಡ್ವಾನ್ಸ್ ವಾಪಸ್ ಬಂದಾಗ ಇಂಟೀರಿಯರ್ ಮಾಡಿಸೋಣ ಎಂದು ಎಣಿಸುವವರೂ ಇದ್ದಾರೆ. ಅಡ್ವಾನ್ಸ್ ಕೈಗೆ ಬರುವುದು ಮನೆ ಖಾಲಿ ಮಾಡಿದ ಮೇಲೆ, ಅದೂ ಪೇಂಟಿಂಗ್ ಖರ್ಚು ಹಿಡಿದುಕೊಂಡು. ಹೊಸ ಮನೆಯ ಕೆಲಸ ಮುಗಿಯದೆ ಹಳೆ ಮನೆ ಖಾಲಿ ಮಾಡಲು ಆಗುವುದಿಲ್ಲ. ಹಾಗಾಗಿ ಆ ಹಣ ಇಂಟೀರಿಯರ್‌ಗೆ ಸಿಗುವುದಿಲ್ಲ, ಮೊದಲ ಕೆಲವು ಇಎಂಐಗೆ ಸಿಗಬಹುದು. ಓನರ್‌ಗೆ ಖಾಲಿ ಮಾಡುವ ನೋಟಿಸ್ ಕೊಡಬೇಕಾದ್ದು ಬಿಲ್ಡರ್ ಹೇಳಿದ ತಾರೀಕು ನೋಡಿ ಅಲ್ಲ. ಒಸಿ ಪ್ರತಿ ಕೈಗೆ ಬಂದು, ನೋಂದಣಿಯ ದಿನ ಗೊತ್ತಾಗಿ, ಕಾರ್ಪೆಂಟರ್ ಇನ್ನೆಷ್ಟು ವಾರ ಬೇಕು ಎಂದು ಹೇಳಿದ ಮೇಲೆ. ಅಲ್ಲಿಯವರೆಗೆ ಹನ್ನೊಂದು ತಿಂಗಳ ಬಾಡಿಗೆ ಕರಾರನ್ನು ಇನ್ನೊಮ್ಮೆ ಬರೆಸಬೇಕಾಗಿ ಬಂದರೆ ಬರೆಸಿ, ನೋಟಿಸ್ ಅವಧಿ ಒಂದೇ ತಿಂಗಳು ಇರುವ ಹಾಗೆ ಓನರ್ ಹತ್ತಿರ ಮಾತಾಡಿಕೊಳ್ಳಿ.